ಹೊತ್ತಿಗೆ ಸರಿಯಾಗಿ ಬರುವ ಹಸಿವು

ಶಾಲೆಯಲ್ಲಿ ದಿನವೂ 12.30ಕ್ಕೆ ಊಟದ ಬೆಲ್ ಹೊಡೆಯುತ್ತದೆ ಎಂದಿಟ್ಟುಕೊಳ್ಳಿ. ಭಾನುವಾರ ಮನೆಯಲ್ಲಿ ಅಡುಗೆ ಆಗುವುದು 2 ಗಂಟೆಗೆ. ಎಂಟು ವರ್ಷದ ಮಗು 12.30ಕ್ಕೆ ಸರಿಯಾಗಿ ‘ಅಮ್ಮಾ, ಹಸಿವು’ ಎಂದು ರಂಪ ಮಾಡುತ್ತದೆ. 1.15ರ ಹೊತ್ತಿಗೆ ಆಟದಲ್ಲಿ ಮುಳುಗಿರುತ್ತದೆ. 2ಕ್ಕೆ ತಟ್ಟೆ ಇಟ್ಟರೆ ‘ಬೇಡ, ಹಸಿವಿಲ್ಲ’ ಎನ್ನುತ್ತದೆ. ಆಗ ‘ಮೊದಲು ಹೇಳಿದ್ದು ಸುಳ್ಳು’ ಎಂದು ಬೈಯುವವರಿದ್ದಾರೆ. ದಯವಿಟ್ಟು ಬೈಯಬೇಡಿ. ಮಗು ಎರಡು ಸಲವೂ ನಿಜವನ್ನೇ ಹೇಳಿದೆ.

ನಮ್ಮ ಜಠರ ಗ್ರೆಲಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಜಪಾನಿನ ಮಸಾಯಾಸು ಕೊಜಿಮಾ ಮತ್ತು ಕೆಂಜಿ ಕಂಗಾವಾ 1999ರಲ್ಲಿ ಇದನ್ನು ಗುರುತಿಸಿದರು. ರಕ್ತದಲ್ಲಿ ಇದು ಏರಿದಾಗ ಮಿದುಳಿಗೆ ಹಸಿವಿನ ಸೂಚನೆ ಹೋಗುತ್ತದೆ, ಉಂಡ ಮೇಲೆ ಇಳಿಯುತ್ತದೆ. ಹೊಟ್ಟೆ ಖಾಲಿಯಾದಷ್ಟೂ ಇದು ಏರುತ್ತಲೇ ಹೋಗುತ್ತದೆ ಎಂದು ನಮಗೆ ಅನಿಸುವುದು ಸಹಜ. ಆದರೆ ದಿನವಿಡೀ ಉಪವಾಸವಿದ್ದ ವಯಸ್ಕರ ರಕ್ತವನ್ನು ಆಗಾಗ ಪರೀಕ್ಷಿಸಿದಾಗ ಕಂಡದ್ದೇ ಬೇರೆ: ರೂಢಿಯ ಊಟದ ಹೊತ್ತುಗಳಲ್ಲಿ ಗ್ರೆಲಿನ್ ಏರಿತು, ಏನೂ ತಿನ್ನದಿದ್ದರೂ ತಾನಾಗಿಯೇ ಇಳಿಯಿತು. ದೇಹ ದಿನವೂ ಉಣ್ಣುವ ಹೊತ್ತನ್ನು ನೆನಪಿಟ್ಟುಕೊಂಡು ಮುಂಚಿತವಾಗಿ ಸಿದ್ಧವಾಗುತ್ತದೆ. ಆ ಹೊತ್ತು ದಾಟಿದರೆ ಸೂಚನೆಯೂ ಇಂಗುತ್ತದೆ. ಅಷ್ಟರಲ್ಲಿ ಯಕೃತ್ತು ಕೂಡಿಟ್ಟ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತಿರುತ್ತದೆ, ಹಾಗಾಗಿ ಸಕ್ಕರೆಯ ಮಟ್ಟ ಕುಸಿಯದೆ ನಿಲ್ಲುತ್ತದೆ.

ಹಸಿವು ಇಂಗಿತೆಂದರೆ ಊಟ ಬೇಕಿಲ್ಲವೆಂದು ಅರ್ಥವಲ್ಲ. ಮಕ್ಕಳ ಯಕೃತ್ತಿನ ದಾಸ್ತಾನು ಚಿಕ್ಕದು, ಮೈತೂಕಕ್ಕೆ ಹೋಲಿಸಿದರೆ ಅವರ ಮಿದುಳಿಗೆ ಬೇಕಾದ ಗ್ಲೂಕೋಸ್ ದೊಡ್ಡವರಿಗಿಂತ ಹೆಚ್ಚು. ಆದ್ದರಿಂದ ದೊಡ್ಡವರ ಉಪವಾಸದ ಲೆಕ್ಕ ಅವರಿಗೆ ಹೊಂದುವುದಿಲ್ಲ. 2 ಗಂಟೆಗೆ ಬೇಡವೆಂದರೂ ಒತ್ತಾಯ ಮಾಡದೆ ನಾಲ್ಕು ತುತ್ತಿನಷ್ಟು ಬಡಿಸಿ, ಜೊತೆಗೆ ಕೂತು ಉಣ್ಣಿ. ತಿನ್ನತೊಡಗಿದ ಮೇಲೆ ಎಷ್ಟೋ ಮಕ್ಕಳಿಗೆ ರುಚಿ ಹತ್ತುತ್ತದೆ.

ನಾನು ಹೆಚ್ಚು ಚಿಂತಿಸುವುದು ನಡುವೆ ಕೊಡುವ ಬಿಸ್ಕತ್ತಿನ ಬಗ್ಗೆ. ರಂಪ ನಿಲ್ಲಲೆಂದು ದಿನವೂ 11.30ಕ್ಕೆ ಬಿಸ್ಕತ್ತು ಕೊಟ್ಟರೆ ಕೆಲವೇ ದಿನಗಳಲ್ಲಿ 11.30ಕ್ಕೂ ಹಸಿವು ರೂಢಿಯಾಗಬಹುದು, ಊಟ ಮಾತ್ರ ತಟ್ಟೆಯಲ್ಲೇ ಉಳಿಯುತ್ತದೆ. ಅದಕ್ಕಿಂತ ಭಾನುವಾರವೂ 12.30ಕ್ಕೆ ಒಂದಿಷ್ಟು ಮೊಸರನ್ನ ಕೊಟ್ಟು, 2ಕ್ಕೆ ಎಲ್ಲರೊಂದಿಗೆ ಉಳಿದದ್ದನ್ನು ಉಣ್ಣಲು ಬಿಡುವುದು ಮೇಲು. ಬೇಸಿಗೆ ರಜೆಯಲ್ಲಿ ಊಟದ ಹೊತ್ತನ್ನೇ ಬದಲಿಸಬೇಕಿದ್ದರೆ ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆಯಷ್ಟು ಮುಂದೆ ಹಾಕಿ. ಹಸಿವು ನಿಧಾನವಾಗಿ ಹೊಸ ಹೊತ್ತಿಗೆ ಹೊಂದಿಕೊಳ್ಳುತ್ತದೆ.

ಊಟ ತಡವಾದಾಗ ಮಗು ಬೆವರಿ, ಕೈ ನಡುಗಿ, ಮುಖ ಬಿಳಿಚಿಕೊಂಡು, ಮಂಕಾದರೆ ಅದು ಬಂದುಹೋಗುವ ಹಸಿವಲ್ಲ, ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದು ನುಂಗಬಲ್ಲದಾದರೆ ತಕ್ಷಣ ಸಕ್ಕರೆ ನೀರು ಕುಡಿಸಿ ವೈದ್ಯರಿಗೆ ತೋರಿಸಿ. ಮಂಪರು ಹೆಚ್ಚಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇನ್ಸುಲಿನ್ ತೆಗೆದುಕೊಳ್ಳುವ ಮಗುವಿನ ಊಟವನ್ನಂತೂ ವೈದ್ಯರು ಹೇಳಿದ ಹೊತ್ತು ಮೀರಿ ಕಾಯಿಸಬೇಡಿ.