ಪಂಜರ ಒಳಗೆ ಬರುವ ದಾರಿ: ಶಾಲಾ ನಾಟಕದ ನೆಲನಕ್ಷೆ ಮತ್ತು ನೇಪಥ್ಯದ ಓಡಾಟ

ಶಾಲಾ ನಾಟಕದ ನೆಲನಕ್ಷೆ ಬರೆಯುವವರು ಮೊದಲು ಅಳೆಯಬೇಕಾದದ್ದು ರಂಗದ ನಡುಭಾಗವನ್ನಲ್ಲ, ಅಂಚುಗಳನ್ನು. ಪುಣೆಯ ಸದಾಶಿವ ಪೇಠದ ಭರತ ನಾಟ್ಯ ಮಂದಿರವಿರಲಿ, ತಿಲಕ ರಸ್ತೆಯ ತಿಲಕ ಸ್ಮಾರಕ ಮಂದಿರವಿರಲಿ, ಮಕ್ಕಳ ತಂಡಕ್ಕೆ ರಂಗ ಸಿಗುವುದು ಎರಡು ಕಾರ್ಯಕ್ರಮಗಳ ನಡುವಿನ ಗಳಿಗೆಯಲ್ಲಿ. ಪೇಠದ ಇಕ್ಕಟ್ಟಿನ ಓಣಿಯಲ್ಲಿ ಟೆಂಪೊ ಬಹಳ ಹೊತ್ತು ನಿಲ್ಲುವುದಿಲ್ಲ. ಸಾಮಾನು ಇಳಿದ ಕೂಡಲೇ ಯಾವುದು ಎಲ್ಲಿಗೆ ಎಂಬುದು ಗೊತ್ತಿರಬೇಕು. ಹಾಗಾಗಿ ರಂಗದ ಬಾಯಿ, ಆಳ, ಎರಡೂ ಪಕ್ಕದಲ್ಲಿ ಸಿಗುವ ಜಾಗ, ಎರಡು ವಿಂಗ್‌ಗಳ ನಡುವಿನ ಸಂದು, ಹಿಂಪರದೆಯ ಹಿಂದೆ ದಾಟಲು ಇರುವ ದಾರಿ, ಗ್ರೀನ್‌ರೂಮಿನ ಬಾಗಿಲು, ಇವಿಷ್ಟನ್ನೂ ಟೇಪು ಹಿಡಿದೇ ಅಳೆದು ತರಬೇಕು. ಸಭಾಂಗಣದವರು ಕೊಡುವ ನಕ್ಷೆಯಲ್ಲಿ ಲೈಟಿನ ಸ್ಟ್ಯಾಂಡು, ಮೂಲೆಯಲ್ಲಿ ಪೇರಿಸಿದ ಕುರ್ಚಿ, ಗೋಡೆಗೆ ಒರಗಿಸಿದ ಏಣಿ ಇರುವುದಿಲ್ಲ. ರಂಗದ ಪಕ್ಕದಲ್ಲಿ ಅವು ಇದ್ದೇ ಇರುತ್ತವೆ.

ಅಳತೆ ಬಂದ ಮೇಲೆ ಒಂದು ಅಡಿಗೆ ಅರ್ಧ ಇಂಚಿನ ಲೆಕ್ಕದಲ್ಲಿ ನಕ್ಷೆ ಬರೆದರೆ ಸಾಕು. ನಡುಗೆರೆ ಎಳೆದು ಎಲ್ಲ ಅಳತೆಯನ್ನೂ ಅದರಿಂದಲೇ ಗುರುತಿಸಬೇಕು. ಎಡ, ಬಲ ಎಂದು ಬರೆದರೆ ಮಕ್ಕಳು ಪ್ರೇಕ್ಷಕರ ಎಡವೋ ನಟರ ಎಡವೋ ಎಂದು ಗೊಂದಲಕ್ಕೆ ಬೀಳುತ್ತಾರೆ. 'ಮೆಟ್ಟಿಲ ಕಡೆ', 'ಡಿಮ್ಮರ್ ಕಡೆ' ಎಂದು ಕಣ್ಣಿಗೆ ಕಾಣುವ ಗುರುತಿನಿಂದ ಹೆಸರಿಟ್ಟರೆ ಆ ತಂಟೆಯೇ ಇಲ್ಲ. ಆಮೇಲೆ ಮೊದಲ ಸಾಲಿನ ಕೊನೆಯ ಕುರ್ಚಿಗೆ ಒಂದು ದಾರ ಕಟ್ಟಿ, ರಂಗದ ಬಾಯಿಯ ದೂರದ ಅಂಚನ್ನು ಸವರಿಕೊಂಡು ಎದುರು ಪಕ್ಕದ ವಿಂಗ್‌ವರೆಗೆ ಎಳೆಯಬೇಕು. ದಾರದ ಈಚೆ ನಿಂತದ್ದೆಲ್ಲ ಪ್ರೇಕ್ಷಕರಿಗೆ ಕಾಣುತ್ತದೆ. ಆ ಗೆರೆಯ ಮೇಲೆ ನೆಲಕ್ಕೆ ಬಣ್ಣದ ಟೇಪು ಅಂಟಿಸಿ, ಪ್ರವೇಶಕ್ಕೆ ಕಾಯುವವರು ಅದರ ಆಚೆಯೇ ನಿಲ್ಲಬೇಕೆಂದು ಹೇಳಿದರೆ, ಮುಂದಿನ ದೃಶ್ಯದ ರಾಜ ಇಣುಕಿ ನೋಡಿ ಅಮ್ಮನಿಗೆ ಕೈ ಬೀಸುವುದು ತಪ್ಪುತ್ತದೆ.

ಒಂದು ನಾಟಕವನ್ನೇ ತೆಗೆದುಕೊಂಡು ನೋಡಬಹುದು. ರವೀಂದ್ರನಾಥ ಠಾಕೂರರ ಗಿಳಿಯ ಕಥೆಯನ್ನು ಬಿ.ವಿ. ಕಾರಂತರು 'ಪಂಜರ ಶಾಲೆ' ಎಂದು ಮಕ್ಕಳ ರಂಗಕ್ಕೆ ತಂದರು. ಅದೇ ಕಥೆಯನ್ನು ಒಂದು ಶಾಲೆ ತನ್ನದೇ ರೀತಿಯಲ್ಲಿ ಆಡುತ್ತದೆ ಎಂದುಕೊಳ್ಳೋಣ. ತೋಟ, ಆಸ್ಥಾನ, ಪಂಜರದ ಪಾಠಶಾಲೆ, ಮತ್ತೆ ಆಸ್ಥಾನ, ಮತ್ತೆ ಪಾಠಶಾಲೆ ಎಂದು ಜಾಗ ಬದಲಾಗುತ್ತಲೇ ಇರುತ್ತದೆ. ರಂಗದ ಬಾಯಿ 28 ಅಡಿ, ಆಳ 20 ಅಡಿ. ಡಿಮ್ಮರ್ ಕಡೆ 8 ಅಡಿ ಜಾಗ, ಮೆಟ್ಟಿಲ ಕಡೆ ಬರೀ 4 ಅಡಿ. ವಿಂಗ್‌ಗಳ ಸಂದು 3 ಅಡಿ.

ಈ 3 ಅಡಿಯೇ ಪಂಜರದ ಗಾತ್ರವನ್ನು ತೀರ್ಮಾನಿಸುತ್ತದೆ. ಗಿಳಿಯಾದ ಹುಡುಗಿ ಕೂರುವಷ್ಟು ದೊಡ್ಡದಾಗಿ 4 ಅಡಿ ಚೌಕದ ಪಂಜರ ಕಟ್ಟಿದರೆ ಅದು ಸಂದಿನಲ್ಲಿ ತೂರುವುದಿಲ್ಲ. ಪ್ರಯೋಗದ ದಿನ ವಿಂಗ್ ಸರಿಸಿ ಒಳಗೆ ತರಬೇಕಾಗುತ್ತದೆ, ಅದೂ ಪ್ರೇಕ್ಷಕರ ಕಣ್ಣೆದುರೇ. ಎರಡೂವರೆ ಅಡಿ ಅಗಲ, 4 ಅಡಿ ಉದ್ದ ಇಟ್ಟು, ಉದ್ದುದ್ದಕ್ಕೆ ತಳ್ಳಿ ತಂದು ರಂಗದ ಮೇಲೆ ಅಡ್ಡ ತಿರುಗಿಸಿದರೆ ಅದು ದೊಡ್ಡದಾಗಿಯೇ ಕಾಣುತ್ತದೆ. ತೀರ ಸಣ್ಣ ಗಾಲಿ ಹಲಗೆಯ ಬಿರುಕಿಗೆ ಸಿಕ್ಕಿಕೊಳ್ಳುತ್ತದೆ. 3 ಇಂಚಿನ, ಬ್ರೇಕ್ ಇರುವ ರಬ್ಬರ್ ಗಾಲಿ ಹಾಕಿದರೆ ಸದ್ದೂ ಕಡಿಮೆ.

ಸಿಂಹಾಸನವನ್ನು ಹೊತ್ತು ತರುವ ಯೋಚನೆ ಬಿಡುವುದೇ ಒಳ್ಳೆಯದು. ರಂಗದ ಹಿಂಭಾಗದಲ್ಲಿ ನಡುಗೆರೆಯಿಂದ ತುಸು ಮೆಟ್ಟಿಲ ಕಡೆಗೆ 8 ಅಡಿ ಉದ್ದ, 4 ಅಡಿ ಅಗಲ, 1 ಅಡಿ ಎತ್ತರದ ಒಂದು ಲೆವೆಲ್ ಕೊನೆಯವರೆಗೂ ಹಾಗೇ ಇರಲಿ. ಆಸ್ಥಾನದಲ್ಲಿ ಅದರ ಮೇಲೆ ಒಂದು ಸ್ಟೂಲು ಮತ್ತು ಕಮಾನಿನ ಹಲಗೆ ಬರುತ್ತವೆ. ಪಾಠಶಾಲೆಯಲ್ಲಿ ಅವು ಹೋಗಿ ಪಂಡಿತರು ಅದರ ಮೇಲೆ ಸಾಲಾಗಿ ಕೂರುತ್ತಾರೆ. ತೋಟಕ್ಕೆ ಬೇಕಾದ ಮರ 2 ಅಡಿ ಅಗಲದ ಚಪ್ಪಟೆ ಕಟೌಟ್. ಮೆಟ್ಟಿಲ ಕಡೆಯ ಇಕ್ಕಟ್ಟಿನಲ್ಲೂ ಗೋಡೆಗೆ ಒರಗಿ ನಿಲ್ಲುತ್ತದೆ. ಪಂಜರ ಮಾತ್ರ ಡಿಮ್ಮರ್ ಕಡೆಯ ಮೊದಲ ಸಂದಿನ ಬಳಿ. ಅಗಲವಾದದ್ದು ಅಗಲ ಜಾಗದಲ್ಲಿ, ಚಪ್ಪಟೆಯಾದದ್ದು ಇಕ್ಕಟ್ಟಿನಲ್ಲಿ. ಯಾವುದೂ ತಾನು ಬರುವ ಸಂದಿನಿಂದ ದೂರ ಇರಬಾರದು.

ಪ್ರತಿ ದೃಶ್ಯವನ್ನೂ ಬೇರೆ ಬೇರೆ ಬೆಣ್ಣೆಕಾಗದದ ಮೇಲೆ ಬರೆದು ಒಂದರ ಮೇಲೊಂದು ಇಟ್ಟರೆ ಘರ್ಷಣೆ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಇಲ್ಲಿ ಅದು ಆಸ್ಥಾನ ಮುಗಿದು ಪಾಠಶಾಲೆ ಶುರುವಾಗುವ ಹೊತ್ತಿನಲ್ಲಿದೆ. ಭರ್ಜಿ ಹಿಡಿದ ಎಂಟು ಸೈನಿಕರು ಅಭ್ಯಾಸದಂತೆ ಡಿಮ್ಮರ್ ಕಡೆಯ ಮೊದಲ ಸಂದಿನಿಂದ ಹೊರಡುತ್ತಾರೆ. ಪಂಜರ ಒಳಗೆ ಬರಬೇಕಾದದ್ದೂ ಅದೇ ಸಂದಿನಿಂದ. ಎಷ್ಟು ಬೇಗ ಓಡಿಸಿದರೂ ಇದು ಸರಿಹೋಗದು. ಸೈನಿಕರನ್ನು ಮೆಟ್ಟಿಲ ಕಡೆಯ ಹಿಂದಿನ ಸಂದಿನಿಂದ ಕಳಿಸಬೇಕು. ಅಲ್ಲಿರುವುದು 4 ಅಡಿ, ಅದರಲ್ಲೂ ಮರ ಒರಗಿದೆ. ಎಂಟು ಮಂದಿ ನಿಂತರೆ ದಾರಿ ಕಟ್ಟಿಹೋಗುತ್ತದೆ. ಹಾಗಾಗಿ ಅವರು ನಿಲ್ಲುವಂತಿಲ್ಲ: ಸಂದು ದಾಟಿದ ಕೂಡಲೇ ಇರುವ ಡ್ರಮ್ಮಿನಲ್ಲಿ ಭರ್ಜಿ ಹಾಕಿ, ಹಿಂಪರದೆಯ ಹಿಂದಿನಿಂದ ನೇರ ಗ್ರೀನ್‌ರೂಮಿಗೆ. ಹಿಂದಿನ ದಾರಿಯಲ್ಲಿ ಓಡಾಟ ಯಾವಾಗಲೂ ಮೆಟ್ಟಿಲ ಕಡೆಯಿಂದ ಡಿಮ್ಮರ್ ಕಡೆಗೆ ಮಾತ್ರ, ಅಲ್ಲಿ ಒಂದು ಬ್ಯಾಗೂ ಇರಕೂಡದು.

ಸಾಮಾನು ಸಾಗಿಸುವ ಕೆಲಸವನ್ನು ನಟರಿಗೆ ವಹಿಸುವುದು ಶಾಲೆಗಳ ರೂಢಿ. ಮಕ್ಕಳು ಹೇಗೂ ರಂಗದ ಮೇಲೇ ಇದ್ದಾರಲ್ಲ ಎಂಬುದು ಲೆಕ್ಕ. ಆದರೆ ಸ್ಪಾಟ್‌ಲೈಟಿನ ಬೆಳಕಿನಲ್ಲಿ ನಿಂತಿದ್ದವನಿಗೆ ದೀಪ ಆರಿದೊಡನೆ ಏನೂ ಕಾಣುವುದಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ನಿಮಿಷಗಳೇ ಬೇಕು. ವಿಂಗ್‌ನ ಮಬ್ಬಿನಲ್ಲಿ ಕಾಯುತ್ತಿದ್ದವನಿಗೆ ಆ ಕತ್ತಲೆಯಲ್ಲೂ ದಾರಿ ಕಾಣುತ್ತದೆ. ಆದ್ದರಿಂದ ಐದು ಮಂದಿಯ ಬೇರೆ ತಂಡ ಬೇಕು, ಕಪ್ಪು ಬಟ್ಟೆಯಲ್ಲಿ. ಪೂರ್ತಿ ಬ್ಲ್ಯಾಕ್‌ಔಟ್ ಬದಲು ಮಂದ ನೀಲಿ ಬೆಳಕು ಇಟ್ಟು, ಸಂಗೀತ ಮುಂದುವರಿಸಿದರೆ ಪ್ರೇಕ್ಷಕರಿಗೂ ಬೇಸರವಿಲ್ಲ.

ಇದಕ್ಕಿಂತ ಒಳ್ಳೆಯ ಉಪಾಯ ಯಕ್ಷಗಾನದಲ್ಲಿದೆ. ಇಬ್ಬರು ಹುಡುಗರು ತೆರೆ ಹಿಡಿದು ನಿಂತರೆ ಅದರ ಮುಂದೆ ಮಂತ್ರಿಯೂ ಅಕ್ಕಸಾಲಿಗನೂ ಪಂಜರದ ಕೂಲಿಯ ಬಗ್ಗೆ ಚೌಕಾಸಿ ಮಾಡಬಹುದು. ಹಿಂದೆ ರಂಗ ಬದಲಾಗುತ್ತದೆ. ತೆರೆಗೆ ಎರಡೂ ಪಕ್ಕ ಮುಚ್ಚುವಷ್ಟು ಅಗಲ ಸಾಲದಿದ್ದರೆ ಪಂಜರ ಬರುವ ಡಿಮ್ಮರ್ ಕಡೆಗೆ ಸರಿಸಿ ಹಿಡಿಯಬೇಕು. ಕಮಾನು ಹೋಗುವುದು ಕಂಡರೆ ನಷ್ಟವಿಲ್ಲ, ಪಂಜರ ಬರುವುದು ಕಾಣಬಾರದು.

ತೆರೆಯ ಹಿಂದಿನ ಕ್ರಮ ಹೀಗೆ: ಸೈನಿಕರ ಕೊನೆಯವನು ಹಿಂದಿನ ಸಂದು ದಾಟಿದ್ದನ್ನು ಕಂಡ ಮೇಲೆ ಒಬ್ಬ ಕಮಾನನ್ನೂ ಇನ್ನೊಬ್ಬ ಸ್ಟೂಲನ್ನೂ ಮೆಟ್ಟಿಲ ಕಡೆಗೆ ಒಯ್ಯುತ್ತಾರೆ. ಅವರು ಲೆವೆಲ್ ಬಿಟ್ಟ ಮೇಲೆಯೇ ಇಬ್ಬರು ಪಂಜರ ತಳ್ಳುತ್ತಾರೆ. ಐದನೆಯವನು ಪಂಜರ ನಿಲ್ಲಬೇಕಾದ ಟೇಪಿನ ಗುರುತಿನ ಬಳಿ ಕುಳಿತು, ಅದು ಬಂದು ನಿಂತಾಗ ಬ್ರೇಕ್ ಒತ್ತಿ, ಕೈ ಎತ್ತುತ್ತಾನೆ. ಆ ಕೈ ಕಂಡ ಮೇಲೆಯೇ ತೆರೆ ಇಳಿಯುತ್ತದೆ. ಹೊರಗೆ ಹೋಗಬೇಕಾದದ್ದು ಹೋದ ಮೇಲೆ ಒಳಗೆ ಬರಬೇಕಾದದ್ದು ಎಂಬ ಈ ಕ್ರಮವನ್ನು ಸಮಯ ಉಳಿಸಲು ಮುರಿದರೆ ನಡುರಂಗದಲ್ಲಿ ಡಿಕ್ಕಿ ಖಂಡಿತ.

ತಾಲೀಮಿನಲ್ಲಿ ಮಾತಿಲ್ಲದೆ ಬದಲಾವಣೆಗಳನ್ನಷ್ಟೇ ಒಂದಾದ ಮೇಲೊಂದು ಆಡಿಸಬೇಕು. ಶಾಲೆಯ ಅಂಗಳದಲ್ಲಿ ಸುಣ್ಣದಿಂದ ರಂಗದ ಗಡಿ, ಸಂದು, ಲೆವೆಲ್ ಎಲ್ಲವನ್ನೂ ನಿಜವಾದ ಅಳತೆಯಲ್ಲೇ ಎಳೆದರಾಯಿತು. ಗಡಿಯಾರಕ್ಕಿಂತ ಕಿವಿ ಇಲ್ಲಿ ಹೆಚ್ಚು ಹೇಳುತ್ತದೆ. "ಎಲ್ಲಿಡ್ಲಿ?" ಎಂಬ ಪಿಸುಮಾತು ಕೇಳಿಸಿದರೆ ಆ ವಸ್ತುವಿಗೆ ನಕ್ಷೆಯಲ್ಲಿ ಜಾಗ ಗೊತ್ತಾಗಿಲ್ಲ ಎಂದರ್ಥ. "ಸರಿ ಸರಿ" ಕೇಳಿಸಿದರೆ ಎರಡು ದಾರಿಗಳು ಅಡ್ಡ ಹಾಯುತ್ತಿವೆ. ಎರಡಕ್ಕೂ ಮಕ್ಕಳನ್ನು ಗದರಿಸಿ ಪ್ರಯೋಜನವಿಲ್ಲ, ನಕ್ಷೆಯನ್ನೇ ತಿದ್ದಬೇಕು. ಕೈಯಲ್ಲಿ ಹಿಡಿಯುವ ಓಲೆಗರಿ, ಗಂಟೆ, ಲೇಖನಿಗಳಿಗೆ ಪ್ರತಿ ಪಕ್ಕದಲ್ಲೂ ಒಂದು ಮೇಜು ಇಟ್ಟು, ಅದರ ಮೇಲೆ ಹಾಸಿದ ಕಾಗದದಲ್ಲಿ ಒಂದೊಂದರ ಆಕಾರವನ್ನೂ ಬರೆದಿಡಬೇಕು. ನಾಟಕ ಶುರುವಾಗುವ ಮುಂಚೆ ಖಾಲಿ ಕಂಡ ಆಕಾರದ ವಸ್ತು ಇನ್ನೂ ಟೆಂಪೊದಲ್ಲೋ ಯಾರದೋ ಶಾಲೆಯ ಚೀಲದಲ್ಲೋ ಇರುತ್ತದೆ.