ಮೀಸಲು ಚಿನ್ನದ ಅಂಕಿಗಳು: ತೂಕ ಮತ್ತು ಮೌಲ್ಯ

ಅಸಂಗಿಯ ಒಂದು ಮನೆಯಲ್ಲಿ ಎರಡು ತೊಲ ಚಿನ್ನವಿದೆಯೆಂದು ಭಾವಿಸೋಣ. ಪೇಟೆಯ ದರ ಏರಿದರೆ, ಆ ಮನೆಯವರು ಗುಂಜಿಯಷ್ಟೂ ಕೊಳ್ಳದಿದ್ದರೂ ಅವರ ಚಿನ್ನದ ಮೌಲ್ಯ ಹೆಚ್ಚುತ್ತದೆ. ದೇಶದ ಮೀಸಲಿನ ಅಂಕಿಗಳನ್ನು ಓದುವಾಗಲೂ ವಿದ್ಯಾರ್ಥಿಗಳು ಈ ಭೇದವನ್ನು ಗ್ರಹಿಸಬೇಕು.

ಭಾರತೀಯ ರಿಸರ್ವ್ ಬ್ಯಾಂಕಿನ ಬಳಿ 2024ರ ಮಾರ್ಚ್ ಅಂತ್ಯಕ್ಕೆ 822.10 ಟನ್ ಚಿನ್ನವಿತ್ತು. ಒಂದು ವರ್ಷದ ಬಳಿಕ ಅದು 879.58 ಟನ್ ಆಯಿತು. ಹೆಚ್ಚಿದ ತೂಕ 57.48 ಟನ್, ಅಂದರೆ ಸುಮಾರು ಶೇ. 7. ಅದೇ ಅವಧಿಯಲ್ಲಿ ವಿದೇಶಿ ವಿನಿಮಯ ಮೀಸಲಿನ ಒಟ್ಟು ಮೌಲ್ಯದಲ್ಲಿ ಚಿನ್ನದ ಪಾಲು ಶೇ. 8.15ರಿಂದ 11.70ಕ್ಕೆ ಏರಿತು. ಒಟ್ಟು ಮೀಸಲು ಕುಗ್ಗಿರಲಿಲ್ಲ. ತುಸು ಹೆಚ್ಚೇ ಆಗಿತ್ತು. ಆದ್ದರಿಂದ ಪಾಲಿನ ಏರಿಕೆಗೆ ಖರೀದಿಗಿಂತ ದರದ ಏರಿಕೆಯೇ ಮುಖ್ಯ ಕಾರಣ. ಖರೀದಿಯನ್ನು ತಿಳಿಯಲು ಬ್ಯಾಂಕಿನ ಅರ್ಧವಾರ್ಷಿಕ ವರದಿಯಲ್ಲಿರುವ ತೂಕವನ್ನೇ ನೋಡಬೇಕು.

ಖರೀದಿಯು ದರವನ್ನು ರೂಪಿಸುವುದಿಲ್ಲವೆಂದು ಇದರ ಅರ್ಥವಲ್ಲ. 2022ರಿಂದ 2024ರವರೆಗೆ ಜಗತ್ತಿನ ಕೇಂದ್ರ ಬ್ಯಾಂಕುಗಳು ಪ್ರತಿವರ್ಷ ಸಾವಿರ ಟನ್ನಿಗೂ ಮಿಗಿಲಾಗಿ ಕೊಂಡವು. ಗಣಿಗಳ ವಾರ್ಷಿಕ ಉತ್ಪಾದನೆ ಸುಮಾರು 3,600 ಟನ್ ಮಾತ್ರ. ಅದು ಬೇಗನೆ ಹೆಚ್ಚುವಂಥದ್ದಲ್ಲ. ಬ್ಯಾಂಕುಗಳು ಕೊಂಡ ಚಿನ್ನ ಸಾಮಾನ್ಯವಾಗಿ ವರ್ಷಗಟ್ಟಲೆ ಪೇಟೆಗೆ ಮರಳುವುದಿಲ್ಲವಾದ್ದರಿಂದ ದರಕ್ಕೆ ದೀರ್ಘಕಾಲದ ಆಧಾರ ದೊರೆಯುತ್ತದೆ. ಬಡ್ಡಿದರ, ಡಾಲರಿನ ಬಲ ಮುಂತಾದವು ಅದನ್ನು ಏರಿಳಿಸುತ್ತಲೇ ಇರುತ್ತವೆ.

ತೂಕದ ಅಂಕಿಗೂ ಮಿತಿಯುಂಟು. 2009ರಿಂದ 1,054 ಟನ್ನನ್ನೇ ತೋರಿಸುತ್ತಿದ್ದ ಚೀನಾ, 2015ರಲ್ಲಿ ಒಮ್ಮೆಲೇ 1,658 ಟನ್ ಎಂದು ಪ್ರಕಟಿಸಿತು. ಪ್ರಕಟಣೆಯ ದಿನವೇ ಖರೀದಿಯ ದಿನವಲ್ಲ.

ಅಭ್ಯಾಸ: ತೂಕ ಬದಲಾಗದೆ ಮೌಲ್ಯ ಹೆಚ್ಚಿದ್ದರೆ ಬ್ಯಾಂಕು ಚಿನ್ನ ಕೊಂಡಿದೆಯೇ? ಕಾರಣ ಸಹಿತ ಬರೆಯಿಸಿರಿ.