ಪದಪದವಾಗಿ ಅನುಕಲಿಸಿ, ತುದಿಯಲ್ಲಿ ಎಚ್ಚರವಿರಲಿ

ಅಡ್ಯಾರಿನಲ್ಲಿ ನೆಲೆಸಿದ್ದ ವಿದ್ವಾಂಸ ಕೆ.ವಿ. ಶರ್ಮರು ಇಂಗ್ಲಿಷಿಗೆ ತಂದ ಜ್ಯೇಷ್ಠದೇವನ 'ಯುಕ್ತಿಭಾಷಾ'ದಲ್ಲಿ ಮಾಧವನ ಪೈ ಶ್ರೇಣಿಗೆ ಸಾಧನೆಯಿದೆ. ಇಂದು ಅದನ್ನು ಹೀಗೆ ಪಡೆಯಬಹುದು. ಗುಣೋತ್ತರ ಶ್ರೇಣಿಯಿಂದ ಶುರುಮಾಡಿ:

1/(1+x²) = 1 − x² + x⁴ − …

ಸೊನ್ನೆಯಿಂದ x ತನಕ ಪ್ರತಿ ಪದವನ್ನೂ ಅನುಕಲಿಸಿ:

arctan x = x − x³/3 + x⁵/5 − …

ಸೊನ್ನೆಯಿಂದಲೇ ಹೊರಟದ್ದರಿಂದ ಸ್ಥಿರಾಂಕದ ಗೊಡವೆಯಿಲ್ಲ. ಈ ಹೆಜ್ಜೆ ನಿಶ್ಚಿಂತೆಯಿಂದ ಸಲ್ಲುವುದು |x| < 1 ಇದ್ದಾಗ ಮಾತ್ರ. x = 1 ಆದರೆ ಮೂಲ ಶ್ರೇಣಿ 1, 0, 1, 0 ಎಂದು ಓಲಾಡುತ್ತದೆ; ಅನುಕಲಿಸಿದ್ದು π/4ಕ್ಕೆ ಸೇರುತ್ತದೆ, ಆದರೆ ಅದನ್ನು ಬೇರೆಯಾಗಿ ಸಾಧಿಸಬೇಕು. ಅಲ್ಲಿ ಅದು ತೀರಾ ನಿಧಾನ. ಐದು ಪದ ಕೂಡಿಸಿದರೂ ಪೈ 3.34ರಲ್ಲೇ ಇರುತ್ತದೆ. ಬದಲಿಗೆ x = 1/√3 ಹಾಕಿ:

π = √12 (1 − 1/9 + 1/45 − 1/189 + 1/729 − …)

ಇಲ್ಲಿ ಅದೇ ಐದು ಪದಗಳಿಗೆ 3.1426 ಬರುತ್ತದೆ. ಲೆಕ್ಕಕ್ಕೆ ಕೂರುವ ಮುನ್ನ, ತುದಿಯಿಂದ ದೂರವಿರುವ x ಆರಿಸಿಕೊಳ್ಳಿ.